ತೊಂಬತ್ತು ಪರ್ಸೆಂಟಿನ ನಿವ್ವಳ ಅಂಕ

ಭಾನುವಾರದ ಪರೀಕ್ಷೆಗೆ ತಡವಾಗಿ ಬಂದವರನ್ನು ನಾನು ಒಳಗೆ ಬಿಡುವುದಿಲ್ಲ. ಇದು ಎಲ್ಲರಿಗೂ ಗೊತ್ತು. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಉದ್ದನೆಯ ಕೋಣೆ ನಮ್ಮದು. ಗಣಿತದ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಕೈಗೆ ಕೆಲಸವಿಲ್ಲದೆ ಇರುವುದು ನನಗೆ ಆಗಲಿಲ್ಲ. ನಾನು ಓದಿದ್ದು ವಸತಿ ಶಾಲೆಯಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಹಾಸಿಗೆಯ ಮಡಿಕೆ ನೇರವಾಗಿರಬೇಕು. ಆ ರೂಢಿ ಇನ್ನೂ ಬಿಟ್ಟಿಲ್ಲ. ಅದಕ್ಕೇ ಸರ್ಕಾರಿ ಹುದ್ದೆಗಳಿಗೆ ಓದುವ ಮಕ್ಕಳಿಗೆ ವಾರಕ್ಕೊಂದು ಮಾದರಿ ಪರೀಕ್ಷೆ ನಡೆಸಲು ಶುರು ಮಾಡಿದೆ. ಮಕ್ಕಳು ಎನ್ನುತ್ತೇನೆ, ಹಲವರಿಗೆ ಮೂವತ್ತು ದಾಟಿದೆ.

ಪರೀಕ್ಷೆಯ ನಿಯಮ ಸರಳ. ನೂರು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಸರಿಯಾದರೆ ಒಂದು ಅಂಕ, ತಪ್ಪಾದರೆ ಕಾಲು ಅಂಕ ಕಡಿತ, ಬಿಟ್ಟರೆ ಸೊನ್ನೆ. ಅವರು ಬರೆಯಲಿದ್ದ ನಿಜವಾದ ಪರೀಕ್ಷೆಯ ನಿಯಮವೂ ಅದೇ. ಉತ್ತರ ಪತ್ರಿಕೆ ತಿದ್ದಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುತ್ತೇನೆ. ಎಷ್ಟು ಬರೆದರು, ಎಷ್ಟು ಸರಿ, ಎಷ್ಟು ತಪ್ಪು, ನಿಖರತೆ ಶೇಕಡಾ ಎಷ್ಟು, ನಿವ್ವಳ ಅಂಕ ಎಷ್ಟು. ಸರಿಯಾದವುಗಳನ್ನು ಬರೆದವುಗಳಿಂದ ಭಾಗಿಸಿ ನೂರರಿಂದ ಗುಣಿಸಿದರೆ ನಿಖರತೆ. ಸರಿಯಾದವುಗಳಿಂದ ತಪ್ಪುಗಳ ಕಾಲುಭಾಗ ಕಳೆದರೆ ನಿವ್ವಳ. ಮೊದಲನೆಯದು ಕೈ ಎಷ್ಟು ಶುದ್ಧವಾಗಿದೆ ಎಂದು ಹೇಳುತ್ತದೆ. ಎರಡನೆಯದು ನೌಕರಿ ಸಿಗುತ್ತದೋ ಇಲ್ಲವೋ ಎಂದು ಹೇಳುತ್ತದೆ. ಈ ಮಾತನ್ನು ಪ್ರತಿ ಹೊಸ ತಂಡಕ್ಕೂ ಮೊದಲ ದಿನವೇ ಹೇಳುತ್ತಿದ್ದೆ.

ಅವರಲ್ಲಿ ಒಬ್ಬಳು ಬಬಲೇಶ್ವರದಿಂದ ಬರುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದು ಅಣ್ಣನ ಮನೆಯಲ್ಲಿದ್ದಳು. ಟಿಕೋಟಾದ ಒಂದು ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ. ಶಾಲೆಯ ವರ್ಷ ಮುಗಿದರೆ ಕೆಲಸವೂ ಮುಗಿಯುತ್ತದೆ, ಮರುವರ್ಷ ಮತ್ತೆ ಕರೆದರೆ ಉಂಟು. ನೌಕರಿ ಸಿಕ್ಕರೆ ಬೇರೆ ಊರಿನಲ್ಲಿ ಒಂದು ಕೋಣೆ ಹಿಡಿದು ತನ್ನ ಪಾಡಿಗೆ ಇರುತ್ತೇನೆ ಎಂದು ಒಮ್ಮೆ ಹೇಳಿದ್ದಳು. ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಎಂದೂ ತಡವಾಗಿ ಬಂದವಳಲ್ಲ. ಪೆನ್ನು ಎರಡು, ರಟ್ಟು ಒಂದು, ನೀರಿನ ಬಾಟಲಿ ಒಂದು. ಕಿಟಕಿಯ ಪಕ್ಕದ ಅದೇ ಜಾಗ. ಇಂಥವರನ್ನು ಕಂಡರೆ ನನಗೆ ಸಂತೋಷ.

ಕೋಣೆಯಲ್ಲಿ ಅವಳಿಗೆ ತೊಂಬತ್ತಕ್ಕ ಎಂದು ಹೆಸರು ಬಿದ್ದಿತ್ತು. ಅವಳ ನಿಖರತೆ ಎಂದೂ ತೊಂಬತ್ತರಿಂದ ಕೆಳಗೆ ಇಳಿದದ್ದಿಲ್ಲ. ಖಾತ್ರಿಯಿಲ್ಲದ ಪ್ರಶ್ನೆಯನ್ನು ಮುಟ್ಟುತ್ತಲೇ ಇರಲಿಲ್ಲ. ಹಾಗಾಗಿ ನೂರರಲ್ಲಿ ಅರವತ್ತು ಬರೆಯುವಳು, ಹೆಚ್ಚೆಂದರೆ ಅರವತ್ತೆರಡು. ಉತ್ತರ ಹಾಳೆಯಲ್ಲಿ ಕಪ್ಪು ಮಾಡಬೇಕಾದ ಉಳಿದ ಗುಂಡಿಗಳು ಖಾಲಿ.

ಹೆಸರಿಟ್ಟವನು ಕನಮಡಿಯ ಒಬ್ಬ ಹುಡುಗ. ಅವನು ಅವಳಿಗೆ ಪೂರಾ ಉಲ್ಟಾ. ನೂರಕ್ಕೆ ನೂರೂ ತುಂಬುವವನು, ಪ್ರಶ್ನೆ ಓದದಿದ್ದರೂ ಗುಂಡಿ ಕಪ್ಪು ಮಾಡುವವನು. ಒಂದು ಭಾನುವಾರ ಅವಳ ಚೀಟಿಯಲ್ಲಿ ಬರೆದದ್ದು ಅರವತ್ತೆರಡು, ಸರಿ ಐವತ್ತಾರು, ತಪ್ಪು ಆರು, ನಿಖರತೆ 90.32, ನಿವ್ವಳ 54.5. ಅವನ ಚೀಟಿಯಲ್ಲಿ ಬರೆದದ್ದು ನೂರು, ಸರಿ ಅರವತ್ತನಾಲ್ಕು, ತಪ್ಪು ಮೂವತ್ತಾರು. ನಿಖರತೆ 64, ನಿವ್ವಳ 55. ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಅವನು ಕೋಣೆಗೆಲ್ಲ ಕೇಳುವಂತೆ ಹೇಳಿದ.

"ಅಕ್ಕಾರ, ನಿಮ್ಮ ತೊಂಬತ್ತು ಮಂಗಳಾರತಿ ಮಾಡಿ ದೇವರ ಮನ್ಯಾಗ ಇಡ್ರಿ. ನಂದು ಅರವತ್ನಾಕು, ಆದರೂ ನಿಮಗಿಂತ ಅರ್ಧ ಮಾರ್ಕ್ ಮುಂದ ಅದೀನಿ."

ಎಲ್ಲರೂ ನಕ್ಕರು. ಅವಳೂ ನಕ್ಕಳು. "ನಿನ್ನ ಕೈ ಅಡ್ಡಾಡಿ ಬಂದ ಮಾರ್ಕ್ ಅವು, ತಮ್ಮಾ," ಎಂದಳು. ನಾನು ಅವನನ್ನು ಗದರಿಸಿ ಕೂಡಿಸಿದೆ. ಆದರೆ ಲೆಕ್ಕ ಅವನ ಕಡೆಗಿತ್ತು. ಏನೂ ಗೊತ್ತಿಲ್ಲದ ಹದಿನಾರು ಪ್ರಶ್ನೆಗಳನ್ನು ಕಣ್ಣು ಮುಚ್ಚಿ ತುಂಬಿದರೂ ಸರಾಸರಿಯಲ್ಲಿ ನಾಲ್ಕು ಸರಿ, ಹನ್ನೆರಡು ತಪ್ಪು. ನಾಲ್ಕು ಅಂಕ ಬಂದು ಮೂರು ಹೋದರೂ ಒಂದು ಉಳಿಯುತ್ತದೆ. ನನ್ನಂಥ ಶಿಸ್ತಿನವನಿಗೆ ಇದು ಹಿತವಾದ ಲೆಕ್ಕವಲ್ಲ, ಆದರೆ ಲೆಕ್ಕ ಲೆಕ್ಕವೇ.

ಆ ದಿನ ಎಲ್ಲರೂ ಹೋದ ಮೇಲೆ ಅವಳನ್ನು ಕೂಡಿಸಿಕೊಂಡು ಹಲಗೆಯ ಮೇಲೆ ಬರೆದು ತೋರಿಸಿದೆ. ಅವಳು ಬಿಟ್ಟ ಮೂವತ್ತೆಂಟರಲ್ಲಿ ಎಲ್ಲವೂ ಗೊತ್ತಿಲ್ಲದವಲ್ಲ. ಹದಿನಾರರಲ್ಲಾದರೂ ನಾಲ್ಕು ಉತ್ತರಗಳ ಪೈಕಿ ಎರಡು ಖಂಡಿತ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಕೇಳಿ ನೋಡಿದೆ, ಒಪ್ಪಿದಳು. ಉಳಿದ ಎರಡರಲ್ಲಿ ಒಂದನ್ನು ತುಂಬಿದರೆ ಎಂಟು ಸರಿ, ಎಂಟು ತಪ್ಪು ಎಂದು ಹಿಡಿಯೋಣ. ಎಂಟು ಬಂದು ಎರಡು ಹೋಗುತ್ತದೆ. ನಿವ್ವಳ ಆರು ಏರಿ 60.5 ಆಗುತ್ತದೆ. ಹಿಂದಿನ ಸಲ ನಿಜವಾದ ಪರೀಕ್ಷೆಯಲ್ಲಿ ಅವಳ ವರ್ಗದ ಕಟಾಫ್ ನಿಂತದ್ದು 58ಕ್ಕೆ. ಅವಳಿಗೆ ಬಂದದ್ದು 52.5.

ಅವಳು ಹಲಗೆಯನ್ನೇ ನೋಡುತ್ತಿದ್ದಳು. ನಿವ್ವಳವನ್ನಲ್ಲ, ಅದರ ಪಕ್ಕ ನಾನು ಬರೆದಿದ್ದ ನಿಖರತೆಯನ್ನು. ಎಪ್ಪತ್ತೆಂಟರಲ್ಲಿ ಅರವತ್ತನಾಲ್ಕು, ಅಂದರೆ ಎಂಬತ್ತೆರಡು.

"ಎಂಬತ್ತೆರಡಕ್ಕ ಇಳೀತೈತಲ್ರಿ ಸರ್," ಎಂದಳು.

ಇಳಿದರೆ ಇಳಿಯಲಿ, ನೌಕರಿ ಕೊಡುವವರು ಆ ಅಂಕಿಯನ್ನು ಕೇಳುವುದೇ ಇಲ್ಲ ಎಂದೆ. ಮನೆಯಲ್ಲಿ ಕೇಳುತ್ತಾರೆ ಎಂದಳು. ಆಗ ವಿಷಯ ಹೊರಗೆ ಬಂತು.

ಪ್ರತಿ ಭಾನುವಾರ ಬಬಲೇಶ್ವರದ ಬಸ್ಸು ಹತ್ತುವ ಮೊದಲು ಅವಳು ಚೀಟಿಯ ಫೋಟೋ ತೆಗೆದು ಅಣ್ಣನ ಮೊಬೈಲಿಗೆ ಕಳಿಸಬೇಕು. ಅಣ್ಣ ಒಣದ್ರಾಕ್ಷಿ ವ್ಯಾಪಾರಿ, ಓದಿದ್ದು ಕಡಿಮೆ. ಚೀಟಿಯಲ್ಲಿ ಅವನ ಕಣ್ಣಿಗೆ ಬೀಳುವುದು ಶೇಕಡಾ ಗುರುತಿನ ಅಂಕಿ ಒಂದೇ. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಶೇಕಡಾ ಇರುವುದಿಲ್ಲವೇ, ಇದೂ ಹಾಗೆಯೇ ಎಂದು ಅವನು ತಿಳಿದಿದ್ದ. ತಂಗಿ ನೂರಕ್ಕೆ ತೊಂಬತ್ತು ಅಂಕ ತೆಗೆಯುತ್ತಾಳೆ, ನೌಕರಿ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ತಾಯಿ ಓಣಿಯಲ್ಲೆಲ್ಲ ತೊಂಬತ್ತು ಎಂದು ಹೇಳಿಕೊಂಡಿದ್ದಳು. ತೊಂಬತ್ತು ಬರುತ್ತಿರುವ ತನಕ ಭಾನುವಾರ ವಿಜಯಪುರಕ್ಕೆ ಹೋಗು, ಮನೆಗೆಲಸ ನಿನ್ನ ಅತ್ತಿಗೆ ನೋಡಿಕೊಳ್ಳುತ್ತಾಳೆ, ಎರಡನೆಯ ಮದುವೆಗೆ ಬಂದ ಸಂಬಂಧಗಳಿಗೆ ನಾನು ಉತ್ತರ ಹೇಳುತ್ತೇನೆ: ಇದು ಅಣ್ಣನ ಮಾತು. ಕಳೆದ ಪರೀಕ್ಷೆಯಲ್ಲಿ ಆಗದೇ ಇದ್ದಾಗಲೂ, ತೊಂಬತ್ತು ತೆಗೆದವರಿಗೇ ಸಿಗಲಿಲ್ಲವೆಂದರೆ ಏನೋ ಒಳಗಿನ ವ್ಯವಹಾರ ಇರಬೇಕು ಎಂದು ಅವನು ಇವಳ ಪರವಾಗಿಯೇ ಸಿಟ್ಟಾಗಿದ್ದನಂತೆ.

ನೀನು ತಿದ್ದಿ ಹೇಳಬೇಕಿತ್ತು ಎಂದೆ.

"ಹೇಳಿದ್ರ ಬರಾಕ ಬಿಡ್ತಿದ್ದಿಲ್ರಿ," ಎಂದಳು.

ಹೀಗೆ ಅವಳು ಸಿಕ್ಕಿಹಾಕಿಕೊಂಡಿದ್ದಳು. ಪರೀಕ್ಷೆಗೆ ಓದಲು ಬಿಡಬೇಕೆಂದರೆ ತೊಂಬತ್ತು ಉಳಿಯಬೇಕು. ತೊಂಬತ್ತು ಉಳಿಯಬೇಕೆಂದರೆ ಕಡಿಮೆ ಬರೆಯಬೇಕು. ಕಡಿಮೆ ಬರೆದರೆ ಪರೀಕ್ಷೆ ಪಾಸಾಗುವುದಿಲ್ಲ. ಅವಳು ಇದನ್ನು ನನಗಿಂತ ಮೊದಲೇ ಕಂಡಿದ್ದಳು. ನಾನು ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕದಲ್ಲಿ ಅವಳಿಗೆ ಹೊಸದು ಏನೂ ಇರಲಿಲ್ಲ.

ನಿಜವಾದ ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇರಲಿಲ್ಲ. ಇದೇ ಕಡೆಯ ಸಲ ಎಂದು ಅಣ್ಣ ಆಗಲೇ ಹೇಳಿಯಾಗಿತ್ತು. ಮುಂದಿನ ಭಾನುವಾರ ಅವಳು ಧೈರ್ಯ ಮಾಡಿದಳು. ಮೊದಲ ಸುತ್ತಿನಲ್ಲಿ ಖಾತ್ರಿ ಇದ್ದವು, ಎರಡನೆಯ ಸುತ್ತಿನಲ್ಲಿ ಎರಡಕ್ಕೆ ಇಳಿದವು. ನಾಲ್ಕೂ ಒಂದೇ ತರಹ ಕಂಡರೆ ಮಾತ್ರ ಬಿಡುವುದು. ಪೆನ್ನು ಹಿಡಿದ ಬೆರಳು ಗುಂಡಿಯ ಮೇಲೆ ನಿಂತು ನಿಂತು ಇಳಿಯುವುದನ್ನು ನಾನು ಮೇಜಿನಿಂದಲೇ ಕಂಡೆ. ಬರೆದದ್ದು ಎಪ್ಪತ್ತೊಂಬತ್ತು, ಸರಿ ಅರವತ್ತೆರಡು, ತಪ್ಪು ಹದಿನೇಳು. ಹದಿನೇಳರ ಕಾಲುಭಾಗ ನಾಲ್ಕೂಕಾಲು. ನಿವ್ವಳ 57.75. ಹಿಂದಿನ ವಾರಕ್ಕಿಂತ ಮೂರೂಕಾಲು ಹೆಚ್ಚು. ಅಷ್ಟು ಅಂಕ ಅವಳಿಗೆ ಎಂದೂ ಬಂದಿರಲಿಲ್ಲ. ನಿಖರತೆ 78.48.

ಕನಮಡಿಯ ಹುಡುಗ ಚೀಟಿ ಇಣುಕಿ ನೋಡಿ, "ಇವತ್ತ ಅಕ್ಕಾರಿಗೆ ನನ್ನ ಗಾಳಿ ಬಡದೈತಿ," ಎಂದ. ಅವಳು ನಗಲಿಲ್ಲ. ಚೀಟಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದು, ಶೇಕಡಾ ಸಾಲು ಬಿಟ್ಟು ಬೇರೆ ಚೀಟಿ ಬರೆದು ಕೊಡುತ್ತೀರಾ ಎಂದು ಕೇಳಿದಳು. ಕೊಡುತ್ತಿದ್ದೆನೋ ಏನೋ. ಆದರೆ ಆ ಸಾಲು ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಐವತ್ತೇಳು. ತೊಂಬತ್ತು ನೋಡಿದವನಿಗೆ ಎಪ್ಪತ್ತೆಂಟೂ ಕಡಿಮೆ, ಐವತ್ತೇಳೂ ಕಡಿಮೆ. ಅದು ಅವಳಿಗೂ ಹೊಳೆಯಿತು. ಚೀಟಿ ಮಡಿಚಿಕೊಂಡು, "ನೀವ ಒಮ್ಮೆ ಬಂದು ಅಣ್ಣಗ ತಿಳಿಸಿ ಹೇಳ್ರಿ ಸರ್. ಮಾಸ್ತರ ಅಂದ್ರ ಕೇಳ್ತಾನ," ಎಂದಳು.

ಇಬ್ಬರೂ ಅದೇ ಬಸ್ಸಿಗೆ ಹೋದೆವು. ಅಂಗಡಿ ಬಬಲೇಶ್ವರದ ದೊಡ್ಡ ರಸ್ತೆಯಲ್ಲೇ ಇತ್ತು, ಮನೆ ಅದರ ಹಿಂದೆ. ಅಣ್ಣ ತಕ್ಕಡಿಯ ಮುಂದೆ ಕೂತಿದ್ದ. ಟಿಕೋಟಾ ಕಡೆಯ ಶೆಡ್ಡಿನಿಂದ ಬಂದ ಒಣದ್ರಾಕ್ಷಿಯನ್ನು ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತೂಗಿಸುತ್ತಿದ್ದ. ಒಳ್ಳೆಯ ಮನುಷ್ಯ. ನನ್ನನ್ನು ಕಂಡ ಕೂಡಲೇ ಎದ್ದು ನಿಂತು ಕುರ್ಚಿ ಕೊಟ್ಟ, ಚಹಾಕ್ಕೆ ಹೇಳಿದ, ನಿಮ್ಮ ದಯೆಯಿಂದ ತೊಂಬತ್ತು ಬರುತ್ತಿದೆ ಎಂದ. ತಂಗಿ ಒಳಬಾಗಿಲ ಹತ್ತಿರ ನಿಂತಳು.

ನಾನು ವ್ಯವಸ್ಥಿತವಾಗಿ ಹೇಳಿದೆ. ನಿಖರತೆ ಎಂದರೇನು, ತಪ್ಪಿಗೆ ಅಂಕ ಕಳೆಯುವುದು ಹೇಗೆ, ನಿವ್ವಳ ಎಂದರೇನು. ಅವನಿಗೆ ಹತ್ತಿರವಾಗಲಿ ಎಂದು ಕ್ರೇಟನ್ನೇ ತೋರಿಸಿದೆ. ಒಟ್ಟು ತೂಕದಲ್ಲಿ ಕ್ರೇಟಿನ ತೂಕ ಕಳೆದರೆ ಉಳಿಯುವುದೇ ನಿವ್ವಳ, ಬೆಲೆ ಅದಕ್ಕೆ ಮಾತ್ರ. ಹಾಗೆಯೇ ಇಲ್ಲಿ ಸರಿಯಾದವುಗಳಲ್ಲಿ ತಪ್ಪಿನ ಕಾಲುಭಾಗ ಕಳೆಯಬೇಕು. ಮಾತು ಮುಗಿಯುವ ಮೊದಲೇ ಅವನು ಹಿಡಿದುಬಿಟ್ಟ. ವ್ಯಾಪಾರದವನು.

"ನಿವ್ವಳ ಅಂದ್ರ ಗೊತ್ತಾತ್ರಿ ಮಾಸ್ತರ. ದಿನಾ ಅದ ಕೆಲಸ. ಹಂಗಾದ್ರ ಆ ತೊಂಬತ್ತು ಅನ್ನೂದು ಏನ್ರಿ? ಚೊಲೋ ಮಾಲು ಆರಿಸಿ ಆರಿಸಿ ಅರ್ಧ ಕ್ರೇಟ್ ತುಂಬಿ, ಇದ್ರಾಗ ಕಸ ಇಲ್ಲ ಅಂದಂಗ ಆತಲ್ಲ."

ಹೆಚ್ಚು ಕಡಿಮೆ ಹಾಗೆಯೇ ಎಂದು ಒಪ್ಪಿಕೊಳ್ಳಬೇಕಾಯಿತು. ಅವನ ಹೋಲಿಕೆ ನನ್ನದಕ್ಕಿಂತ ಸರಿಯಾಗಿತ್ತು.

"ನಿವ್ವಳ ಎಷ್ಟ ಬರ್ತಿತ್ತು?"

"ಐವತ್ತನಾಲ್ಕು, ಐವತ್ತನಾಲ್ಕೂವರೆ. ಇವತ್ತು ಐವತ್ತೇಳು ಮುಕ್ಕಾಲು. ಏರುತ್ತಿದೆ."

"ನೂರಕ್ಕ?"

"ನೂರಕ್ಕೆ."

ಅವನು ತಂಗಿಯ ಕಡೆ ತಿರುಗಿದ. ದನಿ ಏರಿಸಲಿಲ್ಲ. ತೂಗುವ ಆಳು ಕ್ರೇಟು ಹಿಡಿದುಕೊಂಡೇ ನಿಂತಿದ್ದ.

"ಇಷ್ಟ ವರ್ಷ ಐವತ್ನಾಕ್ ತೊಗೊಂಡು ಬಂದು ತೊಂಬತ್ತು ಅಂತ ತೋರಿಸಿದೇನ?"

"ನೀ ಪರ್ಸೆಂಟ್ ಕೇಳ್ತಿದ್ದಿ ಅಣ್ಣಾ. ಅದನ್ನ ಕಳಿಸ್ತಿದ್ದೆ. ಎಲ್ಲಾ ಅಂಕಿ ಚೀಟ್ಯಾಗ ಅದಾವ."

"ಅವ್ವ ಊರ ಮುಂದ ಏನಂದಾಳ, ಗೊತ್ತೈತಿಲ್ಲ ನಿನಗ?"

ನಾನು ನಡುವೆ ಬಾಯಿ ಹಾಕಿದೆ. ಐವತ್ತೆಂಟು ಕಟಾಫ್ ಇರುವಾಗ ಐವತ್ತೇಳು ಮುಕ್ಕಾಲು ಸಣ್ಣದಲ್ಲ. ಈ ಪರೀಕ್ಷೆಯಲ್ಲಿ ತೊಂಬತ್ತು ನಿವ್ವಳ ಯಾರೂ ತೆಗೆಯುವುದಿಲ್ಲ. ಅವಳು ಹಿಡಿದಿರುವ ದಾರಿ ಈಗ ಸರಿಯಾಗಿದೆ. ಇನ್ನು ಕೆಲವು ಭಾನುವಾರ ಬರಲು ಬಿಟ್ಟರೆ ಸಾಕು. ಅವನು ಎಲ್ಲವನ್ನೂ ಮರ್ಯಾದೆಯಿಂದ ಕೇಳಿದ. ಪರೀಕ್ಷೆಗೆ ಹೋಗಲಿ, ಬೇಡ ಎನ್ನುವುದಿಲ್ಲ, ಆದರೆ ಭಾನುವಾರ ಇನ್ನು ಸಾಕು ಎಂದ. ಓದುವುದಿದ್ದರೆ ಮನೆಯಲ್ಲೇ ಓದಲಿ. ನಾನು ಚಹಾ ಮುಗಿಸುವ ತನಕ ಕಾದು, ಬಸ್ ಸ್ಟ್ಯಾಂಡಿನ ತನಕ ಜೊತೆಗೇ ಬಂದು ಹತ್ತಿಸಿ ಹೋದ. ಅವನಿಗೆ ಲೆಕ್ಕ ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಅನಿಸಿತು. ನಲವತ್ತು ವರ್ಷ ಲೆಕ್ಕ ಕಲಿಸಿದವನಿಗೆ ಬರಬಾರದ ಯೋಚನೆ.

ಆಮೇಲೆ ಕಿಟಕಿಯ ಪಕ್ಕದ ಜಾಗ ಖಾಲಿ ಇತ್ತು. ಯಾರನ್ನೂ ಅಲ್ಲಿ ಕೂಡಿಸಲಿಲ್ಲ, ಅಲ್ಲಿ ಕೂಡಬೇಡಿ ಎಂದು ಹೇಳಲೂ ಇಲ್ಲ. ವಾರದ ಪ್ರಶ್ನೆಪತ್ರಿಕೆಯ ಫೋಟೋ ಅವಳಿಗೆ ಮೊಬೈಲಿನಲ್ಲಿ ಕಳಿಸುತ್ತಿದ್ದೆ. ಮೊದಲೆರಡು ವಾರ ಟಿಕೋಟಾದ ಶಾಲೆಯಲ್ಲಿ ಊಟದ ಬಿಡುವಿನಲ್ಲಿ ಬರೆದು ಉತ್ತರ ಕಳಿಸಿದಳು. ಬಿಡುವು ಚಿಕ್ಕದು, ಪತ್ರಿಕೆ ದೊಡ್ಡದು. ಅರ್ಧ ಪತ್ರಿಕೆಯ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಆಮೇಲೆ ಅದೂ ನಿಂತಿತು. ಎರಡನೆಯ ಸುತ್ತು ಅಭ್ಯಾಸದ ಮಾತು. ಎರಡು ಉತ್ತರಗಳ ನಡುವೆ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಕೈ ಬಿಡಬೇಕು ಎನ್ನುವುದು ಬಾಯಿಮಾತಿನಿಂದ ಬರುವುದಿಲ್ಲ, ವಾರ ವಾರ ಕೂತು ಬರೆದರೆ ಬರುತ್ತದೆ.

ಪರೀಕ್ಷೆ ವಿಜಯಪುರದಲ್ಲೇ ಆಯಿತು. ಸರಿ ಉತ್ತರಗಳು ಪ್ರಕಟವಾದ ದಿನ ಅವಳು ಉತ್ತರ ಹಾಳೆಯ ಕಾರ್ಬನ್ ಪ್ರತಿ ಹಿಡಿದುಕೊಂಡು ಕೋಣೆಗೆ ಬಂದಳು. ಮನೆಯಲ್ಲಿ ಏನು ಹೇಳಿ ಬಂದಳೋ ಗೊತ್ತಿಲ್ಲ. ತಾನೇ ತಾಳೆ ನೋಡಲು ಕೈ ಬರಲಿಲ್ಲವಂತೆ. ನಾನು ಓದುತ್ತ ಹೋದೆ, ಕನಮಡಿಯ ಹುಡುಗ ಗುರುತು ಹಾಕುತ್ತ ಹೋದ. ಅವತ್ತು ಅವನೂ ಚೇಷ್ಟೆ ಮಾಡಲಿಲ್ಲ. ಬರೆದದ್ದು ಎಂಬತ್ತೊಂದು. ಸರಿ ಅರವತ್ತಮೂರು, ತಪ್ಪು ಹದಿನೆಂಟು. ಹದಿನೆಂಟರ ಕಾಲುಭಾಗ ನಾಲ್ಕೂವರೆ. ನಿವ್ವಳ 58.5.

ಹಿಂದಿನ ಕಟಾಫಿಗಿಂತ ಅರ್ಧ ಅಂಕ ಮೇಲೆ. ಹುಡುಗ ಪೇಢೆ ತರುತ್ತೇನೆಂದು ಎದ್ದ. ನಾನು ಬೇಡ ಎಂದೆ. ಕಟಾಫ್ ಎನ್ನುವುದು ಗೋಡೆಗೆ ಹೊಡೆದ ಮೊಳೆಯಲ್ಲ, ಬರೆದವರ ಅಂಕದ ಮೇಲೆ ಏರುತ್ತದೆ, ಇಳಿಯುತ್ತದೆ. ಅವಳೂ ಬೇಡ ಎಂದಳು. ಆದರೆ ಮುಖದಲ್ಲಿ ಬೆಳಕಿತ್ತು. ಮೆಟ್ಟಿಲು ಇಳಿಯುವಾಗ, ಟಿಕೋಟಾದ ಮಕ್ಕಳಿಗೆ ಇನ್ನೂ ಎರಡು ಪಾಠ ಮುಗಿಸುವುದಿದೆ, ನೌಕರಿಯ ಆದೇಶ ಬರುವುದರೊಳಗೆ ಮುಗಿಸಬೇಕು ಎಂದಳು. ತನಗೆ ತಾನೇ ಹೇಳಿಕೊಂಡಂತಿತ್ತು.

ಪಟ್ಟಿ ಬಂದಾಗ ಅವಳ ವರ್ಗದ ಕಟಾಫ್ 61.25. ನಾನು ಹಲಗೆಯ ಮೇಲೆ ಬರೆದು ತೋರಿಸಿದ್ದ ಲೆಕ್ಕ ನನ್ನೊಬ್ಬನ ಸೊತ್ತಲ್ಲ. ಧಾರವಾಡದಿಂದ ಹಿಡಿದು ಎಲ್ಲ ಊರಿನ ಕೋಣೆಗಳಲ್ಲೂ ಅದನ್ನೇ ಹೇಳುತ್ತಿದ್ದಾರೆ. ಬಿಡುವುದನ್ನು ಕಡಿಮೆ ಮಾಡಲು ಎಲ್ಲರೂ ಕಲಿತಿದ್ದರು. ಅವಳು ಆರು ಅಂಕ ಏರಿದಳು, ಕಟಾಫ್ ಮೂರೂಕಾಲು ಏರಿತು. ಎರಡೂ ಮುಕ್ಕಾಲು ಅಂಕ ಕೆಳಗೆ ಉಳಿದಳು. ಕನಮಡಿಯ ಹುಡುಗನಿಗೆ ಆಯಿತು. ನೂರೂ ತುಂಬಿದ್ದ, ಎಪ್ಪತ್ತು ಸರಿ, ಮೂವತ್ತು ತಪ್ಪು, ನಿವ್ವಳ 62.5. ಪೇಢೆ ತಂದ. ಅಕ್ಕಾರಿಗೆ ಇದನ್ನು ಮುಟ್ಟಿಸಿರಿ ಎಂದು ಒಂದು ಪೊಟ್ಟಣ ನನ್ನ ಮೇಜಿನ ಮೇಲೆ ಇಟ್ಟು, ತಲೆ ಕೆರೆದುಕೊಂಡು, ಅಥವಾ ಬೇಡ ಬಿಡ್ರಿ ಎಂದು ತಾನೇ ತೆಗೆದುಕೊಂಡು ಹೋದ.

ಫೋನಿಗೆ ಅವಳು ಸಿಗಲಿಲ್ಲ. ಒಂದು ದಿನ ಬಬಲೇಶ್ವರಕ್ಕೆ ಹೋದೆ. ಇನ್ನೊಂದು ಇಲಾಖೆಯ ಪರೀಕ್ಷೆಯ ಪ್ರಕಟಣೆ ಬಂದಿತ್ತು, ಅದನ್ನು ಹೇಳೋಣವೆಂದು. ಶಾಲೆಯ ವರ್ಷ ಮುಗಿದಿತ್ತು. ಅವಳು ಅಂಗಡಿಯಲ್ಲಿ ತಕ್ಕಡಿಯ ಪಕ್ಕದ ಮೇಜಿನಲ್ಲಿ ಕೂತು ತೂಕ ಬರೆದುಕೊಳ್ಳುತ್ತಿದ್ದಳು. ಅಣ್ಣ ಒಟ್ಟು ತೂಕ ಕೂಗುವನು, ಅವಳು ಕ್ರೇಟಿನ ತೂಕ ಕಳೆದು ನಿವ್ವಳ ಹೇಳುವಳು. ಕ್ಯಾಲ್ಕುಲೇಟರ್ ಮುಟ್ಟುತ್ತಿರಲಿಲ್ಲ. ಅಣ್ಣ ನಮಸ್ಕಾರ ಮಾಡಿ, "ತಂಗಿ ಬಂದ ಮ್ಯಾಲ ಲೆಕ್ಕದಾಗ ಒಂದೂ ತಪ್ಪಿಲ್ರಿ ಮಾಸ್ತರ," ಎಂದ. ಹೊಗಳಿಕೆಯಾಗಿಯೇ ಹೇಳಿದ. ನಾನು ಪ್ರಕಟಣೆಯ ಮಾತು ತೆಗೆದೆ. ಅವನು ತಲೆ ಅಲ್ಲಾಡಿಸಿದ. ಅವಳು ಮುಂದಿನ ಕ್ರೇಟಿನ ತೂಕಕ್ಕೆ ಕಾಯುತ್ತಿದ್ದಳು.

ತಾಯಿ ಒಳಗಿನಿಂದ ಬಂದು ಹೊಸ್ತಿಲ ಮೇಲೆ ಕೂತಳು. ಬಹಳ ದಿನದಿಂದ ನನ್ನನ್ನು ಕೇಳಬೇಕೆಂದಿದ್ದಳಂತೆ.

"ನನ್ನ ಮಗಳು ಸಾಲ್ಯಾಗ, ನಿಮ್ಮ ಕೋಣ್ಯಾಗ, ಎಲ್ಲಾ ಕಡೆ ತೊಂಬತ್ತು ತೊಗೊಂಡಾಕಿ. ಆ ಪರೀಕ್ಷಾದಾಗ ಮಾತ್ರ ಎಪ್ಪತ್ತೇಳು ಅಂತ. ಯಾಕ್ರಿ ಮಾಸ್ತರ, ಒಮ್ಮೆಲೇ ಯಾಕ ದಡ್ಡ ಆದ್ಳು?"

ಅರವತ್ತಮೂರನ್ನು ಎಂಬತ್ತೊಂದರಿಂದ ಭಾಗಿಸಿದರೆ ಎಪ್ಪತ್ತೇಳು ಪಾಯಿಂಟ್ ಏಳು. ಅದು ಅವಳು ಬರೆದದ್ದರಲ್ಲೆಲ್ಲ ಒಳ್ಳೆಯ ಪತ್ರಿಕೆ. ಅದನ್ನು ಹೇಗೆ ಹೇಳಬೇಕೆಂದು ನನಗೆ ಗೊತ್ತಿತ್ತು. ಒಮ್ಮೆ ಅದೇ ಕುರ್ಚಿಯಲ್ಲಿ ಕೂತು, ಕ್ರೇಟು ತೋರಿಸಿ, ಅರ್ಥವಾಗುವಂತೆ ಹೇಳಿಯೂ ಇದ್ದೆ.

"ಯವ್ವಾ, ಸರ್‌ಗೆ ಚಾ ಇಡು," ಎಂದಳು ಅವಳು, ತಲೆ ಎತ್ತದೆ.

ತಾಯಿ ಎದ್ದು ಒಳಗೆ ಹೋದಳು. ಅಣ್ಣ ಮುಂದಿನ ತೂಕ ಕೂಗಿದ. ಅವಳು ನಿವ್ವಳ ಹೇಳಿದಳು.